ಇನ್ನು ಮೇಲೆ ಯಾರಿಗೆ ಫೋನ್ ಮಾಡಬೇಕು?

‘ನಮ್ಮ ತಂಡಕ್ಕೆ ಹೊಸದಾಗಿ ಸೇರಿರುವವರನ್ನು ತಮಗೆ ಪರಿಚಯಿಸಲು ಹರ್ಷವಾಗುತ್ತದೆ’ ಎಂದು ಶುರುವಾಗುವ ಮೇಲ್ ಬಂದರೆ ಎರಡನೆಯ ಸಾಲಿನ ತನಕ ಓದುವವರು ಕಡಿಮೆ. ಹರ್ಷ ಆಗಿರುವುದು ಕಳಿಸಿದವರಿಗೆ. ಓದುವ ಗ್ರಾಹಕನ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ: ಇಷ್ಟು ದಿನ ನನ್ನ ಕೆಲಸ ನೋಡುತ್ತಿದ್ದ ಹುಡುಗ ಎಲ್ಲಿ ಹೋದ? ನನ್ನ ಕಾಗದಪತ್ರ ಈಗ ಯಾರ ಕೈಯಲ್ಲಿದೆ? ತುರ್ತು ಬಿದ್ದರೆ ಯಾರಿಗೆ ಫೋನ್ ಮಾಡಲಿ? ಇದಕ್ಕೆಲ್ಲ ಉತ್ತರ ಕೊಡದೆ ಹೊಸಬರ ಡಿಗ್ರಿ, ಹವ್ಯಾಸ, ‘ಉತ್ಸಾಹಿ ತರುಣ’ ಎಂಬ ಬಿರುದು ತುಂಬಿಸಿ ಕಳಿಸಿದರೆ ಆ ಮೇಲ್ ಹೊಸಬರ ಅಪ್ಪ-ಅಮ್ಮನಿಗೆ ಮಾತ್ರ ಖುಷಿ ಕೊಟ್ಟೀತು.

ಬ್ಯಾಂಕು, ಸಾಫ್ಟ್‌ವೇರ್ ಕಂಪನಿ, ಇನ್ಶೂರೆನ್ಸ್ ಏಜೆನ್ಸಿ, ಎಲ್ಲ ಕಡೆಯಿಂದಲೂ ಇಂಥ ಮೇಲ್ ಹೋಗುತ್ತವೆ. ನಾನಿಲ್ಲಿ ಹೇಳಹೊರಟಿರುವುದು ನಮ್ಮ ಪೇಟೆಗಳಲ್ಲಿರುವ ತೆರಿಗೆ ಸಲಹೆಗಾರರ ಕಚೇರಿಯ ಬಗ್ಗೆ. ಅಲ್ಲಿ ಕೆಲಸದವರು ಬದಲಾದರೆ ಅದರ ಬಿಸಿ ಗ್ರಾಹಕನಿಗೆ ತಟ್ಟಲು ತಿಂಗಳೂ ಬೇಕಾಗಿಲ್ಲ. ಜಿಎಸ್‌ಟಿ ರಿಟರ್ನ್‌ಗೆ ಕ್ಯಾಲೆಂಡರ್ ಇದೆ, ಅದು ಯಾರ ರಾಜೀನಾಮೆಗೂ ಕಾಯುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಂಥ ಊರು, ಏಳೆಂಟು ಜನ ಕೆಲಸ ಮಾಡುವ ಕಚೇರಿ, ನೂರ ನಲವತ್ತು ಗ್ರಾಹಕರು. ಬಟ್ಟೆ ಅಂಗಡಿ, ಹಾರ್ಡ್‌ವೇರ್, ಅಕ್ಕಿ ಗಿರಣಿ, ಎರಡು ಮೂರು ಪ್ರೈವೇಟ್ ಲಿಮಿಟೆಡ್ ಕಂಪನಿ. ಅದರಲ್ಲಿ ಅರವತ್ತು ಜನರ ಜಿಎಸ್‌ಟಿ ನೋಡುತ್ತಿದ್ದ ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟ. ಅವನ ಜಾಗಕ್ಕೆ ಒಬ್ಬ ಹೆಣ್ಣುಮಗಳು ಬಂದಿದ್ದಾರೆ. ಈಗ ಆ ಅರವತ್ತು ಜನಕ್ಕೆ ಮೇಲ್ ಬರೆಯಬೇಕು.

ಯಾವಾಗ ಕಳಿಸಬೇಕು ಎನ್ನುವುದೇ ಅರ್ಧ ಕೆಲಸ. ತಿಂಗಳ ರಿಟರ್ನ್ ಹಾಕುವವರ ಲೆಕ್ಕ ಹೀಗಿದೆ: ಹಿಂದಿನ ತಿಂಗಳ ಮಾರಾಟದ ವಿವರವನ್ನು ಜಿಎಸ್‌ಟಿಆರ್-1ರಲ್ಲಿ 11ನೇ ತಾರೀಖಿನೊಳಗೆ ಏರಿಸಬೇಕು, ತೆರಿಗೆ ಕಟ್ಟಿ ಜಿಎಸ್‌ಟಿಆರ್-3ಬಿ ಹಾಕಲು 20ರ ಗಡುವು. ಈ ಎರಡು ತಾರೀಖಿನ ಆಸುಪಾಸಿನಲ್ಲಿ ಕಚೇರಿಯವರಿಗೂ ಪುರುಸೊತ್ತಿಲ್ಲ, ಅಂಗಡಿಯವರಿಗೂ ತಾಳ್ಮೆ ಇಲ್ಲ. 9ನೇ ತಾರೀಖು ಪರಿಚಯದ ಮೇಲ್ ಹೋದರೆ ಅದನ್ನು ಯಾರೂ ಓದುವುದಿಲ್ಲ, ಹಳೇ ಹುಡುಗನ ಮೊಬೈಲಿಗೇ ಬಿಲ್ಲುಗಳು ಹೋಗುತ್ತವೆ. 11 ದಾಟಿದರೆ ಆಗುವುದು ದಂಡ ಮಾತ್ರ ಅಲ್ಲ. ಅಂಗಡಿಯವನ ಮಾರಾಟದ ವಿವರ ಹೊತ್ತಿಗೆ ಏರದಿದ್ದರೆ, 14ನೇ ತಾರೀಖು ತಯಾರಾಗುವ ಖರೀದಿದಾರನ 2ಬಿ ಪಟ್ಟಿಯಲ್ಲಿ ಆ ಬಿಲ್ಲು ಕಾಣುವುದಿಲ್ಲ. ಬಿಲ್ಲು ಕಾಣದಿದ್ದರೆ ಆ ತಿಂಗಳು ಅವನಿಗೆ ತೆರಿಗೆ ವಜಾ ಸಿಗುವುದಿಲ್ಲ. ‘ಏನ್ರೀ, ನಿಮ್ಮ ಬಿಲ್ಲೇ ಬಂದಿಲ್ಲ’ ಎಂದು ಅವನು ಅಂಗಡಿಯವನಿಗೆ ದಬಾಯಿಸುತ್ತಾನೆ, ಅಂಗಡಿಯವನು ಕಚೇರಿಗೆ. ಆದ್ದರಿಂದ ಈ ಕಸುಬಿನಲ್ಲಿ ಪರಿಚಯದ ಮೇಲ್ ಹೋಗಬೇಕಾದ ಕಾಲ 21ರಿಂದ ತಿಂಗಳ ಕೊನೆಯವರೆಗೆ. ಹೊರಡುವವನು ಒಂದು ಸುತ್ತು ರಿಟರ್ನನ್ನು ಹೊಸಬರ ಜೊತೆ ಕೂತು ಮುಗಿಸಿದ ಮೇಲೆ ಕಳಿಸಿದರೆ ಇನ್ನೂ ಒಳ್ಳೆಯದು. ಆಗ ಮೇಲ್‌ನಲ್ಲಿ ‘ಕಳೆದ ತಿಂಗಳ ನಿಮ್ಮ ರಿಟರ್ನನ್ನು ಇಬ್ಬರೂ ಸೇರಿ ಹಾಕಿದ್ದಾರೆ’ ಎಂದು ಬರೆಯಬಹುದು. ಆ ಒಂದು ವಾಕ್ಯ ಹತ್ತು ಹೊಗಳಿಕೆಗಿಂತ ಮೇಲು.

ಮೇಲ್ ಹೋಗಬೇಕಾದದ್ದು ಗ್ರಾಹಕನಿಗೆ ಈಗಾಗಲೇ ಗೊತ್ತಿರುವ ವಿಳಾಸದಿಂದ, ಅಂದರೆ ಕಚೇರಿ ಯಜಮಾನರದ್ದರಿಂದ. ಹೊಸಬರು ತಾವೇ ತಮ್ಮನ್ನು ಪರಿಚಯಿಸಿಕೊಂಡು ಕಳಿಸಿದರೆ, ಅಪರಿಚಿತರೊಬ್ಬರು ಬಂದು ‘ಇನ್ನು ಮೇಲೆ ನಿಮ್ಮ ಬಿಲ್ಲು ನನಗೆ ಕೊಡಿ’ ಅಂದ ಹಾಗಾಗುತ್ತದೆ. ಯಜಮಾನರು ಕಳಿಸಿ, ಹೊಸಬರ ವಿಳಾಸವನ್ನು ಸಿಸಿಯಲ್ಲಿ ಇಟ್ಟರೆ ಸಾಕು. ಗ್ರಾಹಕ ‘ರಿಪ್ಲೈ ಆಲ್’ ಒತ್ತಿದರೆ ಉತ್ತರ ಇಬ್ಬರಿಗೂ ಹೋಗುತ್ತದೆ. ಅರವತ್ತು ಗ್ರಾಹಕರ ವಿಳಾಸವನ್ನೂ ಒಟ್ಟಿಗೆ ‘ಟು’ ಸಾಲಿನಲ್ಲಿ ತುಂಬುವುದು ಮಾತ್ರ ಕೂಡದು. ಎದುರುಬದುರು ಅಂಗಡಿಯ ಇಬ್ಬರು ವ್ಯಾಪಾರಿಗಳು ಒಂದೇ ಕಡೆ ಲೆಕ್ಕ ಬರೆಸುತ್ತಾರೆ ಎಂಬುದು ಇಬ್ಬರಿಗೂ ಗೊತ್ತಾಗಬೇಕಾದ ವಿಷಯ ಅಲ್ಲ. ಬಿಸಿಸಿಯಲ್ಲಿ ಹಾಕಿದರೆ ವಿಳಾಸ ಮುಚ್ಚಿರುತ್ತದೆ ನಿಜ, ಆದರೆ ‘ಮಾನ್ಯ ಗ್ರಾಹಕರೇ’ ಎಂದು ಎಲ್ಲರಿಗೂ ಒಂದೇ ಸುತ್ತೋಲೆ ಹೋಗುತ್ತದೆ. ಅರವತ್ತೇ ಜನ ತಾನೇ, ಎಕ್ಸೆಲ್‌ನಲ್ಲಿ ಹೆಸರು, ಅಂಗಡಿ, ಬಾಕಿ ಇರುವ ಕೆಲಸ ಎಂದು ಮೂರು ಕಾಲಂ ಮಾಡಿಕೊಂಡು ಮೇಲ್ ಮರ್ಜ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿದರೆ ಒಂದು ಮಧ್ಯಾಹ್ನದ ಕೆಲಸ.

ವಿಷಯದ ಸಾಲು ಮೊಬೈಲ್ ಪರದೆಯಲ್ಲಿ ಪೂರ್ತಿ ಕಾಣುವುದಿಲ್ಲ, ಮೊದಲ ನಾಲ್ಕೈದು ಪದ ಕಂಡರೆ ಹೆಚ್ಚು. ಅಲ್ಲಿ ‘ಪರಿಚಯ’ ಎಂದು ಬರೆದರೆ ಯಾರ ಪರಿಚಯವೋ ಏನೋ. ‘ನಿಮ್ಮ ಜಿಎಸ್‌ಟಿಗೆ ಹೊಸಬರು: 1ನೇ ತಾರೀಖಿನಿಂದ’ ಎಂದರೆ ತೆರೆಯದೆ ಇರಲಾರರು.

ಮೇಲ್ ಹೀಗಿರಬಹುದು. ಹೆಸರು, ನಂಬರುಗಳ ಜಾಗ ಖಾಲಿ ಬಿಟ್ಟಿದ್ದೇನೆ.

‘ನಮಸ್ಕಾರ ……… ಅವರೇ,

ನಿಮ್ಮ ಜಿಎಸ್‌ಟಿ ಕೆಲಸವನ್ನು 1ನೇ ತಾರೀಖಿನಿಂದ ನಮ್ಮ ಕಚೇರಿಯ ಶ್ರೀಮತಿ ……… ನೋಡಿಕೊಳ್ಳುತ್ತಾರೆ. ಇಷ್ಟು ದಿನ ನೋಡುತ್ತಿದ್ದ ಶ್ರೀ ……… 30ಕ್ಕೆ ಕೆಲಸ ಬಿಡುತ್ತಿದ್ದಾರೆ. ಕಳೆದ ತಿಂಗಳ ನಿಮ್ಮ ರಿಟರ್ನನ್ನು ಇಬ್ಬರೂ ಸೇರಿ ಹಾಕಿದ್ದಾರೆ, ಬಾಕಿ ಏನೂ ಇಲ್ಲ.

ಶ್ರೀಮತಿ ……… ಬಿ.ಕಾಂ. ಓದಿದವರು. ಹಿಂದಿನ ಕಡೆ ಆರು ವರ್ಷ ಬಟ್ಟೆ ಮತ್ತು ಹಾರ್ಡ್‌ವೇರ್ ಅಂಗಡಿಗಳ ಮಾಸಿಕ ರಿಟರ್ನ್ ಹಾಕುತ್ತಿದ್ದರು. ನಿಮ್ಮ ಮಾರಾಟ, ಖರೀದಿ ಬಿಲ್ಲು, ಇ-ವೇ ಬಿಲ್ಲು, ಜಿಎಸ್‌ಟಿಆರ್-1, 3ಬಿ ಅವರ ಕೆಲಸ. ಇನ್‌ಕಂ ಟ್ಯಾಕ್ಸ್, ಆಡಿಟ್, ಇಲಾಖೆಯ ನೋಟಿಸು ಮೊದಲಿನಂತೆ ನನ್ನ ಬಳಿಯೇ.

ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬಿಲ್ಲುಗಳನ್ನು ……… ಮೇಲ್‌ಗೆ ಅಥವಾ ……… ವಾಟ್ಸ್ಆ್ಯಪ್‌ಗೆ ಕಳಿಸಿ. ಫೋನ್ ಮಾಡಲು ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ……… ನಂಬರ್. ಅವರು ಸಿಗದಿದ್ದರೆ ಕಚೇರಿಯ ………, ಅದೂ ಆಗದಿದ್ದರೆ ನನ್ನ ………

ರಿಟರ್ನ್ ಹಾಕುವ ದಿನ ಜಿಎಸ್‌ಟಿ ಪೋರ್ಟಲ್‌ನಿಂದ ನಿಮ್ಮ ಮೊಬೈಲಿಗೆ ಬರುವ ಒಟಿಪಿಯನ್ನು ಅವರು ಮೇಲಿನ ನಂಬರಿನಿಂದ ಮಾತ್ರ ಕೇಳುತ್ತಾರೆ. ಬ್ಯಾಂಕಿನ ಒಟಿಪಿಯನ್ನು ನಾವ್ಯಾರೂ ಕೇಳುವುದಿಲ್ಲ. ನಮ್ಮ ಫೀಸಿನ ಬ್ಯಾಂಕ್ ಖಾತೆ ಬದಲಾಗಿಲ್ಲ.’

ಅಷ್ಟೇ. ಇದರಲ್ಲಿ ಒಂದೊಂದು ಸಾಲಿನ ಹಿಂದೆಯೂ ಒಂದು ರಗಳೆ ಇದೆ.

ಮೊದಲನೆಯದು ಹುದ್ದೆ. ನಮ್ಮ ಊರುಗಳಲ್ಲಿ ತೆರಿಗೆ ಕಚೇರಿಯಲ್ಲಿ ಕುರ್ಚಿ ಮೇಲೆ ಕೂತವರೆಲ್ಲ ‘ಆಡಿಟರ್’. ಚಾರ್ಟರ್ಡ್ ಅಕೌಂಟೆಂಟ್ ಆಗಲಿ, ನೋಂದಾಯಿಸಿಕೊಂಡು ಪರೀಕ್ಷೆ ಪಾಸಾದ ಜಿಎಸ್‌ಟಿ ಪ್ರಾಕ್ಟೀಷನರ್ ಆಗಲಿ, ಟ್ಯಾಲಿಯಲ್ಲಿ ಎಂಟ್ರಿ ಹೊಡೆಯುವ ಹುಡುಗನಾಗಲಿ, ಆರ್ಟಿಕಲ್‌ಶಿಪ್ ಮಾಡುತ್ತಿರುವ ವಿದ್ಯಾರ್ಥಿಯಾಗಲಿ, ಸಾಹುಕಾರರ ಬಾಯಲ್ಲಿ ಎಲ್ಲರೂ ‘ಆಡಿಟರ್ ಸಾಹೇಬ್ರು’. ಬಾಯಿಮಾತಿಗೆ ಇದು ನಡೆಯುತ್ತದೆ. ಬರೆದು ಕಳಿಸುವ ಮೇಲ್‌ನಲ್ಲಿ ನಡೆಯುವುದಿಲ್ಲ. ಕಂಪನಿಯ ಲೆಕ್ಕಕ್ಕೆ ಆಡಿಟ್ ಸಹಿ ಹಾಕಲು ಚಾರ್ಟರ್ಡ್ ಅಕೌಂಟೆಂಟ್‌ಗೆ ಮಾತ್ರ ಅಧಿಕಾರ. ರಿಟರ್ನ್ ಹಾಕುವವರನ್ನು ‘ಸೀನಿಯರ್ ಆಡಿಟರ್’ ಎಂದು ಪರಿಚಯಿಸಿದರೆ ನಾಳೆ ಗ್ರಾಹಕ ಅವರಿಂದಲೇ ಬ್ಯಾಂಕ್ ಸಾಲದ ಸರ್ಟಿಫಿಕೇಟ್ ಕೇಳುತ್ತಾನೆ. ಅದಕ್ಕೇ ಮೇಲಿನ ಮೇಲ್‌ನಲ್ಲಿ ಹುದ್ದೆಯ ಹೆಸರೇ ಇಲ್ಲ, ಯಾವ ಕೆಲಸ ಅವರದು, ಯಾವುದು ಅಲ್ಲ ಎಂಬುದಿದೆ. ‘ಮ್ಯಾನೇಜರ್ – ಕಂಪ್ಲಯನ್ಸ್’ ಎಂಬ ಪದವಿ ವಿಸಿಟಿಂಗ್ ಕಾರ್ಡಿಗೆ ಇರಲಿ, ಅಕ್ಕಿ ಗಿರಣಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಅನುಭವದ ಸಾಲಿನಲ್ಲಿ ಉಬ್ಬಿಸುವ ಚಾಳಿ ಜಾಸ್ತಿ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಕ್ಕೆ ಮೊದಲು ಕರ್ನಾಟಕದಲ್ಲಿ ಇದ್ದದ್ದು 2005ರ ಏಪ್ರಿಲ್‌ನಿಂದ ನಡೆದುಬಂದ ವ್ಯಾಟ್. ಹಾಗಾಗಿ ‘ಜಿಎಸ್‌ಟಿಯಲ್ಲಿ 15 ವರ್ಷದ ಅಪಾರ ಅನುಭವ’ ಎಂದು ಯಾರಾದರೂ ಬರೆದುಕೊಂಡಿದ್ದರೆ ಬೆರಳೆಣಿಸಿ ನೋಡಿ. ವ್ಯಾಟ್ ಕಾಲದಲ್ಲೂ ಕೆಲಸ ಮಾಡಿದವರಾಗಿದ್ದರೆ ಅದನ್ನೇ ಬರೆಯಬಹುದಲ್ಲ, ಅದು ಹೆಮ್ಮೆಯ ವಿಷಯವೇ. ಗ್ರಾಹಕನಿಗೆ ವರ್ಷಗಳ ಮೊತ್ತಕ್ಕಿಂತ ತನ್ನಂಥ ವ್ಯಾಪಾರವನ್ನು ನೋಡಿದ್ದಾರೋ ಇಲ್ಲವೋ ಎಂಬುದು ಮುಖ್ಯ. ಬಟ್ಟೆ ಅಂಗಡಿಯ ಬಿಲ್ಲಿನ ಸ್ವಭಾವ ಬೇರೆ, ರಾಜ್ಯದಾಚೆಗೆ ಲಾರಿ ಕಳಿಸುವ ಗಿರಣಿಯದ್ದು ಬೇರೆ. ಮೇಲ್ ಮರ್ಜ್‌ನಲ್ಲಿ ಈ ಒಂದು ವಾಕ್ಯವನ್ನು ವ್ಯಾಪಾರಕ್ಕೆ ತಕ್ಕಂತೆ ಬದಲಿಸಬಹುದು. ಅನುಭವ ಇಲ್ಲದ ಕಡೆ ‘ಗಿರಣಿಯ ಲೆಕ್ಕವನ್ನು ಮೊದಲ ಮೂರು ತಿಂಗಳು ನಾನೇ ಜೊತೆಗೆ ಕೂತು ನೋಡುತ್ತೇನೆ’ ಎಂದು ಯಜಮಾನರು ಬರೆದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

ಹೊರಟವನ ಬಗ್ಗೆ ಬರೆಯಬೇಕೋ ಬೇಡವೋ ಎಂದು ಬಹಳ ಜನ ಮೀನಮೇಷ ಎಣಿಸುತ್ತಾರೆ. ಕಾರಣ ಬೇಡ, ತಾರೀಖು ಬೇಕು. ಯಾಕೆಂದರೆ ಗ್ರಾಹಕರ ಯೂಸರ್ ನೇಮ್, ಪಾಸ್‌ವರ್ಡ್ ಅವನಿಗೆ ಗೊತ್ತಿರುತ್ತದೆ. ಚೆನ್ನಾಗಿಯೇ ಹೋದವನಾದರೂ ಅವನು ಹೋದ ದಿನವೇ ಪಾಸ್‌ವರ್ಡ್ ಬದಲಿಸುವುದು ಕ್ರಮ, ಬದಲಿಸಿದ್ದೇವೆ ಎಂದು ಗ್ರಾಹಕನಿಗೆ ತಿಳಿಸುವುದು ಅದಕ್ಕಿಂತ ದೊಡ್ಡ ಕ್ರಮ. ಜಗಳವಾಡಿ ಹೋಗಿದ್ದರೆ ‘ಇಂದಿನಿಂದ ಅವರು ನಮ್ಮ ಕಚೇರಿಯ ಪರವಾಗಿ ವ್ಯವಹರಿಸುವುದಿಲ್ಲ’ ಎಂಬ ಒಂದೇ ಸಾಲು ಸಾಕು. ಅದಕ್ಕಿಂತ ಹೆಚ್ಚು ಬರೆದರೆ ಆ ಮೇಲ್‌ನ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಅವನ ಮೊಬೈಲಿನಲ್ಲಿರುತ್ತದೆ.

ಈಗ ಒಟಿಪಿಗೆ ಬರೋಣ. ‘ಒಟಿಪಿ ಯಾರಿಗೂ ಕೊಡಬೇಡಿ’ ಎಂದು ಬ್ಯಾಂಕುಗಳು ಹಗಲೂ ರಾತ್ರಿ ಸಾರುತ್ತವೆ. ಆದರೆ ತೆರಿಗೆ ಕಚೇರಿಯ ದಿನನಿತ್ಯದ ಮಾತೇ ‘ಸಾರ್, ಒಂದು ಒಟಿಪಿ ಬಂದಿರುತ್ತೆ, ಹೇಳ್ತೀರಾ?’ ಕಂಪನಿಗಳು, ಎಲ್‌ಎಲ್‌ಪಿಗಳು ಡಿಜಿಟಲ್ ಸಹಿಯಿಂದ ರಿಟರ್ನ್ ಹಾಕಬೇಕು. ಸ್ವಂತ ಅಂಗಡಿ, ಪಾಲುದಾರಿಕೆಯವರು ಇವಿಸಿ ಎಂಬ ದಾರಿಯಲ್ಲಿ, ಅಂದರೆ ಸಹಿ ಅಧಿಕಾರ ಇರುವವರ ಮೊಬೈಲು ಮತ್ತು ಮೇಲ್‌ಗೆ ಬರುವ ಒಟಿಪಿಯಿಂದ ಹಾಕಬಹುದು. ಆ ಒಟಿಪಿ ಅವರ ಸಹಿಯೇ. ಅದರ ಆಯಸ್ಸು ಕೆಲವೇ ನಿಮಿಷ, ಆದ್ದರಿಂದ ಅಂಗಡಿಯವರು ಗಿರಾಕಿ ನಡುವೆಯೇ ಫೋನ್ ಎತ್ತಿ ಹೇಳಿಬಿಡುತ್ತಾರೆ. ಇಂಥ ಕಸುಬಿನಲ್ಲಿ ಇದ್ದುಕೊಂಡು ‘ನಾವು ಒಟಿಪಿ ಕೇಳುವುದೇ ಇಲ್ಲ’ ಎಂದು ಮೇಲ್‌ನಲ್ಲಿ ಬರೆದರೆ ಮುಂದಿನ 11ನೇ ತಾರೀಖಿಗೇ ಅದು ಸುಳ್ಳಾಗುತ್ತದೆ, ಆಮೇಲೆ ಯಾವ ಎಚ್ಚರಿಕೆಯನ್ನೂ ಗ್ರಾಹಕ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಯಾವ ಒಟಿಪಿ ಕೇಳುತ್ತೇವೆ, ಯಾವ ನಂಬರಿನಿಂದ, ಯಾವುದನ್ನು ಕೇಳುವುದಿಲ್ಲ ಎಂದು ಬಿಡಿಸಿ ಬರೆಯುವುದೇ ಸರಿ. ಗ್ರಾಹಕನೂ ಒಟಿಪಿ ಹೇಳುವ ಮುಂಚೆ ಆ ಸಂದೇಶ ಜಿಎಸ್‌ಟಿಯದ್ದೇ, ಬ್ಯಾಂಕಿನದ್ದೇ ಎಂದು ಓದಿ ನೋಡಬೇಕು. ಆರಂಕಿ ಮಾತ್ರ ನೋಡಿ ಹೇಳುವುದೇ ಅಪಾಯ.

ಫೀಸಿನ ಖಾತೆ ಬದಲಾಗಿಲ್ಲ ಎಂಬ ಕೊನೆಯ ಸಾಲು ಕೆಲವರಿಗೆ ಅಧಿಕಪ್ರಸಂಗ ಅನಿಸಬಹುದು. ವ್ಯಾಪಾರಿಗಳ ಮೇಲ್‌ಗೆ ನುಗ್ಗಿ ದುಡ್ಡು ಹೊಡೆಯುವ ಕಳ್ಳರಿಗೆ ಸಿಬ್ಬಂದಿ ಬದಲಾಗುವ ಹೊತ್ತು ಹಬ್ಬವಿದ್ದಂತೆ. ‘ನಮ್ಮಲ್ಲಿ ಅಕೌಂಟ್ಸ್ ನೋಡಲು ಹೊಸಬರು ಬಂದಿದ್ದಾರೆ, ಇನ್ನು ಮೇಲೆ ಈ ಖಾತೆಗೆ ಹಣ ಹಾಕಿ’ ಎಂಬುದು ಅವರ ಹಳೆಯ ಪಾಠ. ಹೊಸ ಹೆಸರು, ಹೊಸ ನಂಬರ್ ಬರುವುದು ಸಹಜ ಎಂದು ಗ್ರಾಹಕ ನಂಬಿರುತ್ತಾನಲ್ಲ, ಅದರ ಬೆನ್ನಿಗೇ ಹೊಸ ಖಾತೆಯನ್ನೂ ತುರುಕುತ್ತಾರೆ. ಹಾಗಾಗಿ ನಿಜವಾದ ಪರಿಚಯದ ಮೇಲ್‌ನಲ್ಲಿ ಬ್ಯಾಂಕ್ ವಿವರ ಇರಲೇಬಾರದು. ಖಾತೆ ನಿಜಕ್ಕೂ ಬದಲಾಗಿದ್ದರೆ ಅದನ್ನು ಬೇರೆ ದಿನ, ಬೇರೆ ಪತ್ರದಲ್ಲಿ, ಫೋನ್ ಮಾಡಿ ಹೇಳಿದ ಮೇಲೆ ತಿಳಿಸಬೇಕು.

ಇಂಥ ಮೇಲ್ ಬಂದಾಗ ಅಸಲಿಯೇ ಎಂದು ತಿಳಿಯುವುದು ಹೇಗೆ? ಕಳಿಸಿದವರ ಹೆಸರನ್ನಲ್ಲ, ಹೆಸರಿನ ಮೇಲೆ ಒತ್ತಿದರೆ ಕಾಣುವ ಪೂರ್ತಿ ವಿಳಾಸವನ್ನು ಓದಿ. ಒಂದಕ್ಷರ ಆಚೀಚೆ ಮಾಡಿದ ವಿಳಾಸಗಳು ಬೇಕಾದಷ್ಟಿವೆ. ಉತ್ತರ ಬರೆಯಲು ಹೋದಾಗ ‘ಟು’ ಜಾಗದಲ್ಲಿ ಬೇರೆಯೇ ವಿಳಾಸ ಬಂದು ಕೂತರೆ ಅಲ್ಲಿಗೇ ನಿಲ್ಲಿಸಿ. ಕಂಪ್ಯೂಟರಿನಲ್ಲಿ ಜಿಮೇಲ್ ನೋಡುವವರು ಮೇಲ್‌ನ ಪಕ್ಕದ ಮೂರು ಚುಕ್ಕಿ ಒತ್ತಿ Show original ಎಂಬುದನ್ನು ತೆರೆದರೆ SPF, DKIM, DMARC ಎಂಬ ಸಾಲುಗಳ ಮುಂದೆ PASS ಅಥವಾ FAIL ಎಂದಿರುತ್ತದೆ. FAIL ಇದ್ದರೆ ಅನುಮಾನಕ್ಕೆ ಕಾರಣ ಉಂಟು. PASS ಇದ್ದ ಮಾತ್ರಕ್ಕೆ ನೆಮ್ಮದಿ ಬೇಡ. ಕಳ್ಳ ತನ್ನದೇ ಹೋಲಿಕೆಯ ವಿಳಾಸದಿಂದ ಕಳಿಸಿದ್ದರೂ, ನಿಮ್ಮ ಆಡಿಟರ ಪಾಸ್‌ವರ್ಡ್ ಕದ್ದು ಅವರ ಪೆಟ್ಟಿಗೆಯಿಂದಲೇ ಕಳಿಸಿದ್ದರೂ ಅದು PASS ಎಂದೇ ಹೇಳುತ್ತದೆ. ಎಲ್ಲಕ್ಕಿಂತ ಗಟ್ಟಿ ದಾರಿ ಹಳೆಯದು: ನಿಮ್ಮ ಬಳಿ ಮುಂಚಿನಿಂದ ಇರುವ ನಂಬರಿಗೆ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ಫೋನ್ ಮಾಡಿ ಕೇಳುವುದು. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆ ಇರುವ ಸರ್ಕಾರಿ ಸಹಾಯವಾಣಿ ಅದು, cybercrime.gov.in ತಾಣದಲ್ಲೂ ದೂರು ಕೊಡಬಹುದು. ಹಣ ಮುಂದಿನ ಖಾತೆಗಳಿಗೆ ಹರಿದು ಹೋಗುವ ಮೊದಲು ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲೇ.

ಸಂಪರ್ಕದ ಸಾಲುಗಳ ಬಗ್ಗೆ ಒಂದೆರಡು ಮಾತು. ನಮ್ಮ ಎಷ್ಟೋ ಕಚೇರಿಗಳು ಲೆಟರ್‌ಹೆಡ್ ಮೇಲೆ ಪರಿಚಯ ಪತ್ರ ಟೈಪ್ ಮಾಡಿ, ಸೀಲು ಒತ್ತಿ, ಫೋಟೊ ಹೊಡೆದು ಅಂಟಿಸಿ ಕಳಿಸುತ್ತವೆ. ನೋಡಲು ಚಂದ. ಆದರೆ ಚಿತ್ರದಲ್ಲಿರುವ ನಂಬರನ್ನು ಒತ್ತಿದರೆ ಡಯಲ್ ಆಗುವುದಿಲ್ಲ, ಆರು ತಿಂಗಳ ನಂತರ ಮೇಲ್‌ನಲ್ಲಿ ಹುಡುಕಿದರೆ ಸಿಗುವುದೂ ಕಷ್ಟ. ನಂಬರು ಅಕ್ಷರದಲ್ಲೇ ಇರಲಿ. ಮೇಲ್ ಕಳಿಸಿದ ಮೇಲೆ ‘ಮೇಲ್ ಕಳಿಸಿದ್ದೇವೆ, ನೋಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕುವುದೂ ತಪ್ಪಲ್ಲ, ಏಕೆಂದರೆ ನಮ್ಮ ವ್ಯಾಪಾರಿಗಳಲ್ಲಿ ದಿನಾ ಮೇಲ್ ತೆಗೆಯುವವರು ಕಮ್ಮಿ. ಹೊಸಬರ ಸ್ವಂತ ಮೊಬೈಲ್ ನಂಬರನ್ನು ಮಾತ್ರ ಕೊಡಬೇಡಿ. ಕಚೇರಿಯ ಸಿಮ್, ಕಚೇರಿಯ ವಿಳಾಸ ಕೊಟ್ಟರೆ ಅವರು ಹೋದಾಗ ಅದು ಉಳಿಯುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಜಿಎಸ್‌ಟಿ ನೋಂದಣಿ ಮಾಡಿಸುವಾಗ ‘ಸಾಹುಕಾರ್ರಿಗೆ ಯಾಕೆ ತೊಂದರೆ’ ಎಂದು ಗ್ರಾಹಕನ ಮೊಬೈಲ್ ಬದಲು ಕಚೇರಿಯ ಹುಡುಗ ತನ್ನದೇ ನಂಬರು, ತನ್ನದೇ ಮೇಲ್ ಹಾಕಿಬಿಡುವುದು ಈ ಕಸುಬಿನ ಹಳೇ ಚಾಳಿ. ಅವನಿರುವ ತನಕ ಎಲ್ಲ ಸಲೀಸು, ಒಟಿಪಿ ಅವನಿಗೇ ಬರುತ್ತದೆ, ಅಂಗಡಿಯವರಿಗೆ ಕಿರಿಕಿರಿ ಇಲ್ಲ. ಅವನು ಕೆಲಸ ಬಿಟ್ಟ ಮರುತಿಂಗಳು ಒಟಿಪಿ ಬೆಂಗಳೂರಿನಲ್ಲಿ ಬಸ್ಸಿನಲ್ಲಿ ಕೂತವನ ಜೇಬಿಗೆ ಹೋಗುತ್ತದೆ. ಲಾಗಿನ್ ಕೈಯಲ್ಲಿದ್ದರೆ ಪೋರ್ಟಲ್‌ನಲ್ಲೇ ‘ನಾನ್-ಕೋರ್’ ತಿದ್ದುಪಡಿ ಹಾಕಿ ಸಹಿದಾರರ ಮೊಬೈಲು, ಮೇಲ್ ಬದಲಿಸಬಹುದು. ಪಾಸ್‌ವರ್ಡೂ ಮರೆತಿದ್ದರೆ, ಅದನ್ನು ಮರಳಿ ಪಡೆಯುವ ಒಟಿಪಿ ಕೂಡ ಅದೇ ಹಳೇ ನಂಬರಿಗೆ ಹೋಗುವುದರಿಂದ, ಕಾಗದಪತ್ರ ಹಿಡಿದು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಕಚೇರಿಗೆ ಹೋಗಿ ಬದಲಿಸಿಕೊಳ್ಳಬೇಕಾಗುತ್ತದೆ. ಅಷ್ಟರಲ್ಲಿ ಗಡುವು ದಾಟಿರುತ್ತದೆ. ತೆರಿಗೆ ಇರುವ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿಯಂತೆ ತಡದ ಶುಲ್ಕ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಓಡುತ್ತಿರುತ್ತದೆ. ಆದ್ದರಿಂದ ಹೊಸಬರ ಪರಿಚಯದ ಮೇಲ್ ಬರೆಯಲು ಕೂರುವ ಮುನ್ನ ಅರವತ್ತು ಗ್ರಾಹಕರ ಪ್ರೊಫೈಲನ್ನೂ ತೆರೆದು ಯಾರ ನಂಬರಿದೆ ಎಂದು ನೋಡಿಕೊಳ್ಳುವುದು ಜಾಣತನ. ಇದನ್ನು ಹೊರಡುವವನು ಇನ್ನೂ ಕುರ್ಚಿಯಲ್ಲಿರುವಾಗಲೇ ಮಾಡಬೇಕು.

ಮೇಲ್ ಕಳಿಸಿದ ಹತ್ತು ನಿಮಿಷದಲ್ಲಿ ಕೆಲವು ವಾಪಸ್ ಬರುತ್ತವೆ. ವಿಳಾಸ ಸಿಗಲಿಲ್ಲ, ಪೆಟ್ಟಿಗೆ ತುಂಬಿದೆ ಎಂಬ ಇಂಗ್ಲಿಷ್ ಸಂದೇಶಗಳು. ಬಹಳ ಕಚೇರಿಗಳಲ್ಲಿ ಅವನ್ನು ಅಳಿಸಿಬಿಡುತ್ತಾರೆ. ಹೊಸಬರ ಮೊದಲ ಕೆಲಸವಾಗಿ ಅವನ್ನೇ ಅವರ ಕೈಗೆ ಕೊಡಬೇಕು. ಸತ್ತ ಆ ವಿಳಾಸವೇ ಜಿಎಸ್‌ಟಿ ನೋಂದಣಿಯಲ್ಲೂ ಇರುವ ಸಾಧ್ಯತೆ ಹೆಚ್ಚು. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿ ಕೊಟ್ಟ ಮೇಲ್ ವಿಳಾಸಕ್ಕೆ ಕಳಿಸಿದರೂ, ಪೋರ್ಟಲ್‌ನಲ್ಲಿ ಹಾಕಿದರೂ ನೋಟಿಸು ತಲುಪಿದಂತೆಯೇ ಲೆಕ್ಕ; ಅಂಗಡಿಯವರು ನೋಡಿದರೋ ಇಲ್ಲವೋ ಯಾರೂ ಕೇಳುವುದಿಲ್ಲ. ವಾಪಸ್ ಬಂದ ಒಂದೊಂದು ಮೇಲ್‌ಗೂ ಹೊಸಬರು ಫೋನ್ ಮಾಡಿ, ‘ನಮಸ್ಕಾರ ಸಾರ್, ನಾನು ಆಡಿಟರ್ ಆಫೀಸಿನಿಂದ ಮಾತಾಡ್ತಿರೋದು, ನಿಮ್ಮ ಈಗಿನ ಮೇಲ್ ಐಡಿ ಯಾವುದು?’ ಎಂದು ಕೇಳಿ, ಪೋರ್ಟಲ್‌ನ ನೋಟಿಸ್ ವಿಭಾಗ ತೆರೆದು, ಓದದೆ ಉಳಿದದ್ದೇನಾದರೂ ಇದೆಯೇ ಎಂದು ಅವರಿಗೆ ಆಗಲೇ ಹೇಳಿಬಿಡಲಿ.